ಕೈಗಾಡಿಯ ಹಿಡಿ ಉದ್ದ ಮಾಡುವುದೋ, ಬಾಕ್ಸನ್ನು ಮುಂದಕ್ಕೆ ಸರಿಸುವುದೋ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಟೊಮೇಟೊ ತೋಟದಿಂದ ಟೆಂಪೋ ನಿಲ್ಲುವ ಜಾಗದವರೆಗೆ ಒಂಟಿ ಚಕ್ರದ ಕೈಗಾಡಿಯಲ್ಲಿ ಒಂದು ಸಲಕ್ಕೆ ಆರು ಬಾಕ್ಸ್ ಸಾಗಿಸುತ್ತೇವೆ. ಕೈಗೆ ಬಹಳ ಭಾರ ಬರುತ್ತೆ ಅಂತ ಎರಡೂ ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡಿಸಿದೆ. ಎತ್ತುವಾಗ ಒಂಚೂರು ಹಗುರವಾಯಿತು, ತಳ್ಳುವುದು ಹಗುರವಾಗಲೇ ಇಲ್ಲ, ಸಾಲಿನ ಕೊನೆಯಲ್ಲಿ ತಿರುಗಿಸುವುದಂತೂ ಇನ್ನೂ ಕಷ್ಟವಾಯಿತು. ಹೈಸ್ಕೂಲಿನಲ್ಲಿರುವ ಮಗಳು "ಇದು ಎರಡನೇ ವರ್ಗದ ಸನ್ನೆ ಅಪ್ಪ, ಹಿಡಿ ಉದ್ದವಾದಷ್ಟೂ ಶ್ರಮ ಕಡಿಮೆ" ಅಂತಾಳೆ. ಲೆಕ್ಕ ಸರಿ ಇದ್ದರೆ ಎಡವಟ್ಟು ಎಲ್ಲಿ? ಬಾಕ್ಸ್‌ಗಳನ್ನು ಮುಂದಿಡಬೇಕೋ ಹಿಂದಿಡಬೇಕೋ?

ಉತ್ತರ: ಮಗಳು ಹೇಳಿದ್ದು ಸರಿ. ಆದರೆ ಸನ್ನೆಯಲ್ಲಿ ಎರಡು ಉದ್ದಗಳಿರುತ್ತವೆ, ನೀವು ಬದಲಾಯಿಸಿದ್ದು ಅದರಲ್ಲಿ ದೊಡ್ಡದನ್ನು. ಚಿಕ್ಕ ಉದ್ದವನ್ನು ಒಂದು ಗೇಣಿನ ಅರ್ಧದಷ್ಟು ಕಡಿಮೆ ಮಾಡಿದ್ದರೆ ಪೈಪ್ ಇಲ್ಲದೆಯೇ ಅಷ್ಟೇ ಲಾಭ ಸಿಗುತ್ತಿತ್ತು. ತಳ್ಳುವ ಕಷ್ಟದ ಮಾತು ಬೇರೆ, ಅದಕ್ಕೂ ಸನ್ನೆಗೂ ಸಂಬಂಧವೇ ಇಲ್ಲ.

ಮೊದಲು ಆ ಎರಡು ಉದ್ದಗಳನ್ನು ಗುರುತಿಸಿಕೊಳ್ಳೋಣ. ಗಾಡಿಯನ್ನು ಎತ್ತಿ ಹಿಡಿದಾಗ ಅದು ನಿಂತಿರುವುದು ಚಕ್ರದ ಮೇಲೆ, ಆದ್ದರಿಂದ ಆಧಾರ ಬಿಂದು ಚಕ್ರದ ಅಚ್ಚು. ಅಚ್ಚಿನಿಂದ ಸರಕಿನ ತೂಕದ ನಡುಮಧ್ಯಕ್ಕೆ ಇರುವ ದೂರ ಭಾರದ ತೋಳು. ಅಚ್ಚಿನಿಂದ ನಿಮ್ಮ ಅಂಗೈ ನಡುವಿನವರೆಗೆ ಇರುವ ದೂರ ಶ್ರಮದ ತೋಳು. ಎರಡನ್ನೂ ನೆಲಕ್ಕೆ ಸಮಾನಾಂತರವಾಗಿ ಅಳೆಯಬೇಕು, ಇಳಿಜಾರಾಗಿರುವ ಹಿಡಿಯ ಉದ್ದಕ್ಕೆ ಟೇಪ್ ಹಿಡಿದು ಅಳೆಯಬಾರದು. ಹಿಡಿ ವಾರೆಯಾಗಿದ್ದರೆ ತುದಿಯಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಅದು ನೆಲ ಮುಟ್ಟುವ ಜಾಗದಿಂದ ಚಕ್ರ ನೆಲ ಮುಟ್ಟಿರುವ ಜಾಗಕ್ಕೆ ಅಳೆಯಿರಿ. ಸಮತಟ್ಟಾದ ನೆಲದಲ್ಲಿ ಚಕ್ರ ನೆಲ ಮುಟ್ಟುವ ಜಾಗ ಅಚ್ಚಿನ ನೇರ ಕೆಳಗೇ ಇರುತ್ತದೆ, ಹಾಗಾಗಿ ಲೆಕ್ಕ ಒಂದೇ. ಶ್ರಮದ ತೋಳನ್ನು ಭಾರದ ತೋಳಿನಿಂದ ಭಾಗಿಸಿದರೆ ಬರುವುದು ಯಾಂತ್ರಿಕ ಲಾಭ. ಅದು 3 ಬಂದರೆ, ಮೂರು ಕೆಜಿ ಸರಕಿಗೆ ಕೈ ಮೇಲೆ ಒಂದು ಕೆಜಿ ಬೀಳುತ್ತದೆ, ಉಳಿದ ಎರಡನ್ನು ಚಕ್ರ ಹೊರುತ್ತದೆ.

ನಿಮ್ಮ ಗಾಡಿಯ ಅಳತೆ ನೀವು ಕೊಟ್ಟಿಲ್ಲ. ಬಾಕ್ಸ್ ಇಡಲೆಂದು ಹಲಗೆ ಹಾಕಿಸಿದ ಒಂದು ಗಾಡಿಯ ಅಳತೆಯನ್ನು ಹೀಗೆಂದು ಹಿಡಿದು ಲೆಕ್ಕ ಮಾಡುತ್ತೇನೆ, ಆಮೇಲೆ ನಿಮ್ಮ ಅಂಕಿಗಳನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ. ಚಕ್ರದ ಅಡ್ಡಗಲ 36 ಸೆಂ.ಮೀ. ಅಚ್ಚಿನಿಂದ ಹಿಡಿಗೆ 144 ಸೆಂ.ಮೀ. ಹಲಗೆ ಶುರುವಾಗುವುದು ಅಚ್ಚಿನಿಂದ 18 ಸೆಂ.ಮೀ. ಹಿಂದೆ. ಬಾಕ್ಸ್‌ನ ಉದ್ದನೆಯ ಬದಿ ಗಾಡಿಗೆ ಅಡ್ಡಲಾಗಿ ಬರುವಂತೆ ಇಟ್ಟರೆ ಒಂದೊಂದು ಸಾಲು 36 ಸೆಂ.ಮೀ. ಜಾಗ ತಿನ್ನುತ್ತದೆ. ಆಗ ಮುಂದಿನ ಸಾಲಿನ ನಡುಮಧ್ಯ ಅಚ್ಚಿನಿಂದ 36 ಸೆಂ.ಮೀ., ಹಿಂದಿನ ಸಾಲಿನದು 72 ಸೆಂ.ಮೀ. ಆಯಿತು. ಹದಿನೈದು ಕೆಜಿ ಹಣ್ಣು, ಜೊತೆಗೆ ಬಾಕ್ಸ್‌ನ ತೂಕ, ಸೇರಿ 16 ಕೆಜಿ ಎಂದಿಟ್ಟುಕೊಳ್ಳೋಣ. ಬರಿ ಗಾಡಿಯ ತೂಕ 24 ಕೆಜಿ, ಅದರಲ್ಲಿ ಕೈ ಮೇಲೆ ಬೀಳುವುದು 8 ಕೆಜಿ. (ಶಾಲೆಯಲ್ಲಿ ಬಲವನ್ನು ನ್ಯೂಟನ್‌ನಲ್ಲಿ ಹೇಳುತ್ತಾರೆ. ಮಗಳು ಕೇಳಿದರೆ ಪ್ರತಿ ಅಂಕಿಯನ್ನೂ 9.8ರಿಂದ ಗುಣಿಸಿಕೊಳ್ಳಲಿ, ನಮಗೆ ತಕ್ಕಡಿಯ ಭಾಷೆಯೇ ಸಾಕು.)

ಈಗ ನೋಡಿ. ಮುಂದಿನ ಸಾಲಿನ ಬಾಕ್ಸ್‌ಗೆ ಯಾಂತ್ರಿಕ ಲಾಭ 144 ಭಾಗಿಸು 36, ಅಂದರೆ 4. ಹದಿನಾರು ಕೆಜಿಯಲ್ಲಿ ಕೈಗೆ ಬರುವುದು 4 ಕೆಜಿ. ಹಿಂದಿನ ಸಾಲಿನ ಬಾಕ್ಸ್‌ಗೆ ಯಾಂತ್ರಿಕ ಲಾಭ 2 ಮಾತ್ರ, ಕೈಗೆ ಬರುವುದು 8 ಕೆಜಿ. ಒಂದೇ ಗಾಡಿ, ಒಂದೇ ತೂಕದ ಬಾಕ್ಸ್, ಹಿಂದೆ ಇಟ್ಟರೆ ಎರಡರಷ್ಟು ಭಾರ. ಆದ್ದರಿಂದ "ಈ ಗಾಡಿಯ ಯಾಂತ್ರಿಕ ಲಾಭ ಎಷ್ಟು" ಎನ್ನುವ ಪ್ರಶ್ನೆಗೆ ಒಂದು ಉತ್ತರವಿಲ್ಲ, ಯಾವ ಬಾಕ್ಸ್ ಎಲ್ಲಿದೆ ಎಂದು ಕೇಳಬೇಕು. ಮುಂದೆ ಮೂರು, ಹಿಂದೆ ಮೂರು ಪೇರಿಸಿದರೆ ಮುಂದಿನವು 12 ಕೆಜಿ, ಹಿಂದಿನವು 24 ಕೆಜಿ, ಗಾಡಿಯದ್ದು 8 ಕೆಜಿ. ಒಟ್ಟು 44, ಒಂದೊಂದು ಕೈಗೆ 22 ಕೆಜಿ. ಒಂದೊಂದು ಕೈಯಲ್ಲಿ ತುಂಬಿದ ದೊಡ್ಡ ಬಕೆಟ್ ಹಿಡಿದುಕೊಂಡು ನಡೆದ ಹಾಗೆ. ಕೈ ಸೋಲುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ನಿಮ್ಮ ಪೈಪ್. ಹಿಡಿಯನ್ನು 36 ಸೆಂ.ಮೀ. ಮುಂದುವರಿಸಿ 180 ಸೆಂ.ಮೀ. ಮಾಡಿದಿರಿ ಎಂದುಕೊಳ್ಳೋಣ. ತೋಳು 144ರಿಂದ 180ಕ್ಕೆ ಹೋದರೆ ಕೈಯ ಭಾರ ಐದರಲ್ಲಿ ನಾಲ್ಕು ಭಾಗಕ್ಕೆ ಇಳಿಯಬೇಕು, ಅಂದರೆ 44 ಕೆಜಿ ಹೋಗಿ ಸುಮಾರು 35 ಆಗಬೇಕು. ಆದರೆ ಹಳೆಯ ಹಿಡಿಯ ಮೇಲೆ ಒಂದಷ್ಟು ಒಳಗೆ ಸಿಕ್ಕಿಸಿದ ಭಾಗವೂ ಸೇರಿದರೆ ಎರಡು ಜಿಐ ಪೈಪ್ ತುಂಡುಗಳು ಸಲೀಸಾಗಿ 3 ಕೆಜಿ ತೂಗುತ್ತವೆ. ಅವು ಇರುವುದು ಅಚ್ಚಿನಿಂದ ಬಹಳ ದೂರ, ಕೈಯ ಹತ್ತಿರ, ಆದ್ದರಿಂದ ಅವುಗಳ ತೂಕದ ಎರಡೂವರೆ ಕೆಜಿಯಷ್ಟು ಕೈ ಮೇಲೇ ಕೂರುತ್ತದೆ. ಕೊನೆಗೆ ಉಳಿದದ್ದು ಸುಮಾರು 38 ಕೆಜಿ. ಒಟ್ಟು ಉಳಿತಾಯ 6 ಕೆಜಿ. ನಿಮಗೆ "ಒಂಚೂರು ಹಗುರ" ಅನಿಸಿದ್ದು ಇದೇ.

ಪೈಪ್ ಮುಟ್ಟದೆ ಹಲಗೆಯನ್ನೇ 9 ಸೆಂ.ಮೀ. ಮುಂದಕ್ಕೆ ಸರಿಸಿ ಬೋಲ್ಟ್ ಹಾಕಿದ್ದರೆ? ಮುಂದಿನ ಸಾಲು 36 ಬದಲು 27 ಸೆಂ.ಮೀ., ಹಿಂದಿನದು 72 ಬದಲು 63 ಸೆಂ.ಮೀ. ಆಗುತ್ತದೆ. ಮುಂದಿನ ಬಾಕ್ಸ್ ಒಂದಕ್ಕೆ 3 ಕೆಜಿ, ಹಿಂದಿನದಕ್ಕೆ 7 ಕೆಜಿ. ಮೂರು ಮೂರು ಪೇರಿಸಿದರೆ 9 ಮತ್ತು 21, ಗಾಡಿಯದ್ದು 8, ಒಟ್ಟು 38. ಮೂವತ್ತಾರು ಸೆಂ.ಮೀ. ಪೈಪ್ ಮಾಡಿದ ಕೆಲಸವನ್ನು ಒಂಬತ್ತು ಸೆಂ.ಮೀ. ಹಲಗೆ ಮಾಡಿತು. ಕಾರಣ ಇಷ್ಟೇ: 144ಕ್ಕೆ 36 ಸೇರಿಸಿದರೆ ಕಾಲು ಭಾಗ ಸೇರಿಸಿದಂತೆ, ಆದರೆ ಎರಡೂ ಸಾಲಿನ ಸರಾಸರಿಯಾದ 54ರಲ್ಲಿ 9 ಕಳೆದರೆ ಆರನೇ ಒಂದು ಭಾಗ ಕಳೆದಂತೆ. ಚಿಕ್ಕ ತೋಳಿನಲ್ಲಿ ಒಂದೊಂದು ಸೆಂ.ಮೀ.ಗೂ ಬೆಲೆ ಜಾಸ್ತಿ, ಜೊತೆಗೆ ಪೈಪ್‌ನ ತೂಕದ ದಂಡವೂ ಇಲ್ಲ.

ಹಾಗಾದರೆ ಇನ್ನೂ ಮುಂದಕ್ಕೆ, ಚಕ್ರದ ನೆತ್ತಿಯ ಮೇಲೇ ಇಟ್ಟುಬಿಟ್ಟರೆ ಕೈಗೆ ಭಾರವೇ ಇಲ್ಲವಲ್ಲ ಎಂದು ನಿಮಗೆ ಹೊಳೆದಿರಬಹುದು. ಲೆಕ್ಕ ಹೌದು ಅನ್ನುತ್ತದೆ. ಚೀನಾದ ಹಳೆಯ ಒಂಟಿ ಚಕ್ರದ ಗಾಡಿಗಳನ್ನು ಹಾಗೇ ಮಾಡುತ್ತಿದ್ದರು, ದೊಡ್ಡ ಚಕ್ರ ನಡುವಿನಲ್ಲಿ, ಸರಕು ಅದರ ಸುತ್ತ. ನಿಮ್ಮ ಗಾಡಿಯಲ್ಲಿ ಅದಕ್ಕೆ ಎರಡು ತಡೆಗಳಿವೆ. ಒಂದು, ಹಲಗೆ ನೆಲದಿಂದ 38 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ 9 ಸೆಂ.ಮೀ. ಸರಿಸಿದ ಮೇಲೆ ಹಲಗೆಯ ಅಂಚಿಗೂ ಚಕ್ರಕ್ಕೂ ನಡುವೆ ಸುಮಾರು 4 ಸೆಂ.ಮೀ. ಉಳಿಯುತ್ತದೆ. ಅಚ್ಚಿನ ನೆತ್ತಿಗೇ ತಂದರೆ 2 ಸೆಂ.ಮೀ. ಮಾತ್ರ. ಹಸಿ ಕೆಮ್ಮಣ್ಣು ಟೈರಿಗೆ ಮೆತ್ತಿಕೊಂಡರೆ ಆ ಸಂದಿನಲ್ಲಿ ಸಿಕ್ಕಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಹಲಗೆಯ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಬಹುದು, ಆದರೆ ಸರಕು ಎತ್ತರವಾದಷ್ಟೂ ಪಕ್ಕಕ್ಕೆ ವಾಲುವ ಭಯ ಹೆಚ್ಚು. ಎರಡನೆಯ ತಡೆ ಇನ್ನೂ ದೊಡ್ಡದು: ಸರಕಿನ ನಡುಮಧ್ಯ ಅಚ್ಚನ್ನು ದಾಟಿದ ಕ್ಷಣವೇ ನಿಮ್ಮ ಗಾಡಿಯ ವರ್ಗ ಬದಲಾಗುತ್ತದೆ.

ಇಲ್ಲಿ ವರ್ಗದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪಾಠದಲ್ಲಿ "ಕೈಗಾಡಿ ಎಂದರೆ ಎರಡನೇ ವರ್ಗ" ಎಂದು ಬಾಯಿಪಾಠ ಮಾಡಿಸುತ್ತಾರೆ. ವರ್ಗ ಅನ್ನುವುದು ಗಾಡಿಗೆ ಅಂಟಿಕೊಂಡು ಬಂದ ಗುಣವಲ್ಲ. ಆಧಾರ, ಭಾರ, ಶ್ರಮ ಈ ಮೂರರಲ್ಲಿ ನಡುವೆ ಯಾವುದಿದೆ ಎಂಬುದಷ್ಟೇ ವರ್ಗ. ಹಿಂದೆ ನಮ್ಮ ಬಾವಿಗಳ ಮೇಲಿದ್ದ ಏತದಲ್ಲಿ ಆಧಾರ ನಡುವೆ, ಒಂದು ಕಡೆ ಬಾನಿ, ಇನ್ನೊಂದು ಕಡೆ ಆಳು. ಅದು ಮೊದಲನೇ ವರ್ಗ. ಗಡಾರಿಯ ಕೆಳಗೆ ಕಲ್ಲು ಕೊಟ್ಟು ಬಂಡೆ ಮೀಟುವುದೂ ಅದೇ. ಅಡಕತ್ತರಿಯಲ್ಲಿ ಕೀಲು ಒಂದು ತುದಿ, ಕೈ ಇನ್ನೊಂದು ತುದಿ, ಅಡಕೆ ನಡುವೆ. ಅದು ಎರಡನೇ ವರ್ಗ, ನಿಮ್ಮ ಗಾಡಿಯ ಹಾಗೆ. ಒಲೆಯಿಂದ ಕೆಂಡ ತೆಗೆಯುವ ಚಿಮಟದಲ್ಲಿ ಎರಡೂ ಕಡ್ಡಿ ಒಂದು ತುದಿಯಲ್ಲಿ ಸೇರಿರುತ್ತವೆ, ಬೆರಳು ನಡುವೆ ಒತ್ತುತ್ತದೆ, ಕೆಂಡ ಇನ್ನೊಂದು ತುದಿಯಲ್ಲಿ. ಅದು ಮೂರನೇ ವರ್ಗ, ಅದರಲ್ಲಿ ಯಾಂತ್ರಿಕ ಲಾಭ ಯಾವಾಗಲೂ ಒಂದಕ್ಕಿಂತ ಕಡಿಮೆ.

ನಿಮ್ಮ ಒಂದೇ ಗಾಡಿಯಲ್ಲಿ ಈ ಮೂರನ್ನೂ ನೋಡಬಹುದು. ಗೊಬ್ಬರ ಸುರಿಯಲು ಹಿಡಿ ಎತ್ತುತ್ತಾ ಹೋಗಿ. ಮೊದಲು ಭಾರವಿದ್ದದ್ದು ಏರುತ್ತಾ ಹಗುರವಾಗುತ್ತದೆ, ಒಂದು ಹಂತದಲ್ಲಿ ಕೈಯಲ್ಲಿ ಏನೂ ಇಲ್ಲ ಅನಿಸುತ್ತದೆ, ತಕ್ಷಣ ಹಿಡಿ ತಾನೇ ಮೇಲಕ್ಕೆ ಹಾರಲು ನೋಡುತ್ತದೆ. ಗೊಬ್ಬರದ ತೂಕ ಅಚ್ಚನ್ನು ದಾಟಿ ಆಚೆ ಹೋಯಿತು, ಆಧಾರ ನಡುವೆ ಬಂತು, ಗಾಡಿ ಮೊದಲನೇ ವರ್ಗದ ಸನ್ನೆಯಾಯಿತು. ಈಗ ಹಿಡಿಯನ್ನು ಮೇಲೆತ್ತುವುದಲ್ಲ, ಕೆಳಕ್ಕೆ ಒತ್ತಬೇಕು. ಕೆಲವು ಗಾಡಿಗಳಲ್ಲಿ ಚಕ್ರದ ಮುಂದೆ ಬಳೆಯ ಹಾಗೆ ಒಂದು ಕಂಬಿ ಇರುತ್ತದೆ. ಅದು ನೆಲಕ್ಕೆ ತಾಗಿದಾಗ ಆಧಾರ ಅಚ್ಚಿನಿಂದ ಆ ಕಂಬಿಗೆ ಮುಂದಕ್ಕೆ ಸರಿಯುತ್ತದೆ, ಗಾಡಿ ಒಮ್ಮೆಲೇ ಮಗುಚದೆ ನಿಧಾನವಾಗಿ ಸುರಿಯುತ್ತದೆ. ಅದನ್ನು ಅಲಂಕಾರವೆಂದುಕೊಂಡು ಕತ್ತರಿಸಿಬಿಡುವವರಿದ್ದಾರೆ, ಬೇಡ.

ಮೂರನೇ ವರ್ಗ ಟೊಮೇಟೊ ತೋಟದಲ್ಲಿ ಗೊತ್ತಿಲ್ಲದೇ ಆಗಿಬಿಡುತ್ತದೆ. ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕಡ್ಡಿಗಳನ್ನು ಉದ್ದುದ್ದ ಹೇರಿ, ಆಳಿನ ಸೊಂಟದ ಪಕ್ಕದಿಂದ ಹಿಂದಕ್ಕೆ ಚಾಚಿಕೊಂಡು ಹೋಗುತ್ತಾರಲ್ಲ, ಆಗ. ಕಡ್ಡಿ 3 ಮೀಟರ್ ಉದ್ದ, ಅದರ ಮುಂತುದಿ ಹಲಗೆಯ ಮುಂದಿನ ಅಂಚಿಗೆ ಸಮ, ಅಂದರೆ ಅಚ್ಚಿನಿಂದ 18 ಸೆಂ.ಮೀ. ಎಂದಿಟ್ಟುಕೊಳ್ಳಿ. ಕಡ್ಡಿಯ ನಡುಮಧ್ಯ ಅಚ್ಚಿನಿಂದ 168 ಸೆಂ.ಮೀ. ದೂರ ಬಂತು. ಕೈ ಇರುವುದು 144ರಲ್ಲಿ. ಭಾರ ಕೈಯನ್ನೂ ದಾಟಿ ಹಿಂದೆ ಹೋಯಿತು, ಶ್ರಮ ನಡುವೆ ಸಿಕ್ಕಿಕೊಂಡಿತು. 50 ಕೆಜಿ ಕಡ್ಡಿಗೆ ಕೈ ಮೇಲೆ 58 ಕೆಜಿ ಬೀಳುತ್ತದೆ, ತಲೆ ಮೇಲೆ ಹೊತ್ತಿದ್ದರೇ ಹಗುರವಾಗುತ್ತಿತ್ತು. ಮುಂದಿನ ಚಕ್ರ ನೆಲದ ಮೇಲೆ ಗಟ್ಟಿಯಾಗಿ ಕೂರದೆ ಕುಣಿಯುತ್ತಿದ್ದರೆ ಇದೇ ಕಾಯಿಲೆ ಎಂದು ತಿಳಿಯಿರಿ. ಅದೇ ಕಟ್ಟನ್ನು ಚಕ್ರದ ಮುಂದಕ್ಕೆ 90 ಸೆಂ.ಮೀ. ಚಾಚಿ ಹೇರಿದರೆ ನಡುಮಧ್ಯ 60 ಸೆಂ.ಮೀ.ಗೆ ಬರುತ್ತದೆ, ಕೈ ಮೇಲಿನ ಭಾರ 21 ಕೆಜಿಗೆ ಇಳಿಯುತ್ತದೆ. ಮತ್ತೆ ಎರಡನೇ ವರ್ಗ.

ಕೈ ಎಲ್ಲಿ ಹಿಡಿಯುತ್ತದೆ ಎನ್ನುವುದನ್ನೂ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಡಿಯ ತುದಿಯ ರಬ್ಬರ್ ಕಿತ್ತುಹೋಗಿ ಕಬ್ಬಿಣ ಚುಚ್ಚುತ್ತದೆ ಎಂದು ಆಳುಗಳು 20 ಸೆಂ.ಮೀ. ಮುಂದೆ ಹಿಡಿಯುತ್ತಾರೆ. ಆಗ 144 ಹೋಗಿ 124 ಆಯಿತು, ಆರು ಬಾಕ್ಸ್‌ನ 44 ಕೆಜಿ 51 ಆಯಿತು. ನಿಮ್ಮ ಪೈಪ್ ಉಳಿಸಿದ್ದಕ್ಕಿಂತ ಹೆಚ್ಚನ್ನು ಈ ಒಂದು ರಬ್ಬರ್ ತಿಂದುಹಾಕುತ್ತದೆ. ಹಳೆಯ ಸೈಕಲ್ ಟ್ಯೂಬ್ ಸುತ್ತಿ ಬಿಗಿಯಾಗಿ ತಂತಿ ಕಟ್ಟಿದರೆ ಸಾಕು, ತಂತಿಯ ಗಂಟು ಮಾತ್ರ ಅಂಗೈ ಕಡೆ ಬರಬಾರದು.

ಈಗ ತಳ್ಳುವುದು ಏಕೆ ಹಗುರವಾಗಲಿಲ್ಲ ಎಂಬುದಕ್ಕೆ ಬರೋಣ. ಇಷ್ಟು ಹೊತ್ತು ಹೇಳಿದ್ದೆಲ್ಲ ಮೇಲಕ್ಕೆ ಎತ್ತಿ ಹಿಡಿಯುವ ಬಲದ ಮಾತು. ಸನ್ನೆ ಸಹಾಯ ಮಾಡುವುದು ಅಷ್ಟಕ್ಕೇ. ಮುಂದಕ್ಕೆ ತಳ್ಳುವಾಗ ನೀವು ಇಡೀ ಗಾಡಿಯನ್ನು ನೂಕುತ್ತೀರಿ, ಅದರಲ್ಲಿ ಹಿಡಿ ಎಷ್ಟು ಉದ್ದ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಗಾಡಿ 24, ಆರು ಬಾಕ್ಸ್ 96, ಒಟ್ಟು 120 ಕೆಜಿ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಏರಿಗೆಂದೇ ಹೆಚ್ಚುಕಡಿಮೆ 12 ಕೆಜಿ ಬಲದಿಂದ ತಳ್ಳಬೇಕು, ಹಿಡಿ ಒಂದು ಮೀಟರ್ ಇರಲಿ, ಎರಡು ಮೀಟರ್ ಇರಲಿ. ಪೈಪ್ ಹಾಕಿದ ಮೇಲೆ ಆ 120ರ ಜೊತೆ ಇನ್ನೂ 3 ಕೆಜಿ ಸೇರಿತು, ಅಷ್ಟೇ.

ಏರಿನಲ್ಲಿ ಎತ್ತುವ ಭಾರವೂ ಜಾಸ್ತಿಯಾಗುತ್ತದೆ. ಮೂರು ಬಾಕ್ಸ್ ಎತ್ತರಕ್ಕೆ ಪೇರಿಸಿದಾಗ ಸರಕಿನ ನಡುಮಧ್ಯ ಅಚ್ಚಿಗಿಂತ ಸುಮಾರು 65 ಸೆಂ.ಮೀ. ಮೇಲಿರುತ್ತದೆ. ಗಾಡಿ ಏರಿನ ಜೊತೆ ಹಿಂದಕ್ಕೆ ವಾಲಿದರೆ ಆ ಎತ್ತರದ ತಲೆ ನಿಮ್ಮ ಕಡೆಗೆ ಆರೂವರೆ ಸೆಂ.ಮೀ. ಬಾಗುತ್ತದೆ, 54 ಇದ್ದ ಭಾರದ ತೋಳು 60 ದಾಟುತ್ತದೆ, ಕೈ ಮೇಲೆ ಇನ್ನೂ 4 ಕೆಜಿ ಬೀಳುತ್ತದೆ. ಇಳಿಜಾರಿನಲ್ಲಿ ಇದರ ಉಲ್ಟಾ, ಕೈ ಹಗುರವಾಗುತ್ತದೆ. ಎತ್ತರದ ಆಳಿಗೆ ಗಾಡಿ ಹಗುರ ಅನಿಸುವುದಕ್ಕೂ ಇದೇ ಕಾರಣ. ಅವನು ಹಿಡಿಯನ್ನು 10 ಸೆಂ.ಮೀ. ಹೆಚ್ಚು ಎತ್ತಿ ಹಿಡಿದರೆ ಸರಕು ಮುಂದಕ್ಕೆ ಬಾಗಿ 3 ಕೆಜಿ ಕಡಿಮೆಯಾಗುತ್ತದೆ. ಶಕ್ತಿಯ ಮಾತಲ್ಲ, ಎತ್ತರದ ಮಾತು.

ಬದು ಅಥವಾ ಹೊಸ್ತಿಲಿನಂಥ ಮೆಟ್ಟಿಲು ಸಿಕ್ಕರೆ ಲೆಕ್ಕ ಇನ್ನೂ ಕೆಟ್ಟದು. 36 ಸೆಂ.ಮೀ. ಚಕ್ರ 5 ಸೆಂ.ಮೀ. ಎತ್ತರದ ನೇರ ಅಂಚನ್ನು ನಿಂತ ಜಾಗದಿಂದ ಹತ್ತಬೇಕಾದರೆ, ಚಕ್ರದ ಮೇಲಿರುವ ತೂಕಕ್ಕೆ ಸರಿಸಮವಾದಷ್ಟು ಬಲ ಬೇಕಾಗುತ್ತದೆ. ಆರು ಬಾಕ್ಸ್ ಇದ್ದಾಗ ಚಕ್ರದ ಮೇಲಿರುವುದು 76 ಕೆಜಿ. ಅಷ್ಟನ್ನು ಯಾರೂ ನೇರವಾಗಿ ತಳ್ಳಲಾರರು, ಆದ್ದರಿಂದಲೇ ಓಡಿ ಬಂದು ಗುದ್ದಿಸುತ್ತಾರೆ, ಹಣ್ಣು ಜಜ್ಜಿಹೋಗುತ್ತದೆ. ಗಾಡಿಯನ್ನು ತಿರುಗಿಸಿ ಹಿಂದಕ್ಕೆ ಎಳೆದು ದಾಟಿಸಿ. ಹಿಡಿ ಅಚ್ಚಿಗಿಂತ ಎತ್ತರದಲ್ಲಿರುವುದರಿಂದ ತಳ್ಳುವಾಗ ನಿಮ್ಮ ಬಲ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಎಳೆಯುವಾಗ ಅದೇ ಬಲ ಚಕ್ರವನ್ನು ಮೇಲಕ್ಕೆ ಎತ್ತಿಕೊಡುತ್ತದೆ. ಅದಕ್ಕಿಂತ ಒಳ್ಳೆಯದು, ದಿನಾ ದಾಟುವ ಜಾಗದಲ್ಲಿ ಸನಿಕೆ ಹಿಡಿದು ಬದುವಿನ ಎರಡೂ ಬದಿಯನ್ನು ಇಳಿಜಾರು ಮಾಡಿಬಿಡುವುದು.

ತಿರುಗಿಸುವ ಕಷ್ಟಕ್ಕೆ ಪೈಪೇ ಕಾರಣ. ಗಾಡಿ ತಿರುಗುವುದು ಚಕ್ರ ನೆಲಮುಟ್ಟಿದ ಜಾಗದ ಸುತ್ತ. ಒಂದು ಕಾಲು ಸುತ್ತು ತಿರುಗಿಸಲು 144 ಸೆಂ.ಮೀ. ಹಿಡಿಯಲ್ಲಿ ನೀವು ಸುಮಾರು ಎರಡೂಕಾಲು ಮೀಟರ್ ಪಕ್ಕಕ್ಕೆ ನಡೆಯಬೇಕು, 180ರಲ್ಲಿ ಎರಡು ಮೀಟರ್ 80 ಸೆಂ.ಮೀ. ಸಾಲಿನ ಕೊನೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಗುತ್ತದೆ. ಜೊತೆಗೆ ಉದ್ದ ಹಿಡಿಯಲ್ಲಿ ಗಾಡಿಯ ಕಾಲು ನೆಲದಿಂದ ಅಷ್ಟೇ ಎತ್ತರ ಏಳಲು ಕೈ ಇನ್ನೂ ಮೇಲೇಳಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಡುವುದು ಸನ್ನೆಯ ಹಳೆಯ ವ್ಯಾಪಾರ.

ಹಾಗೆಂದು ಬಾಕ್ಸ್‌ಗಳನ್ನೆಲ್ಲ ಮುಂದಿನ ಸಾಲಿಗೇ ಪೇರಿಸಲು ಹೋಗಬೇಡಿ. ಎತ್ತರವಾದರೆ ಗಾಡಿ ಪಕ್ಕಕ್ಕೆ ವಾಲುವಾಗ ಹಿಡಿಯಲಾಗುವುದಿಲ್ಲ. ಎರಡು ಹಿಡಿಗಳ ನಡುವೆ 60 ಸೆಂ.ಮೀ. ಇದೆ, ಮೂರು ಮೂರು ಬಾಕ್ಸ್ ಪೇರಿಸಿದ ಗಾಡಿ 5 ಡಿಗ್ರಿಯಷ್ಟು ಪಕ್ಕಕ್ಕೆ ವಾಲಿತು ಎಂದುಕೊಳ್ಳಿ. ಸರಕಿನ ನಡುಮಧ್ಯ ನೆಲದಿಂದ 83 ಸೆಂ.ಮೀ. ಎತ್ತರದಲ್ಲಿರುವುದರಿಂದ ಅದು ಏಳು ಸೆಂ.ಮೀ. ಚಿಲ್ಲರೆ ಪಕ್ಕಕ್ಕೆ ಹೋಗುತ್ತದೆ. ಅದನ್ನು ತಡೆಯಲು 22-22 ಇದ್ದ ಕೈಗಳು ಸುಮಾರು 34 ಮತ್ತು 10 ಆಗುತ್ತವೆ. ಇನ್ನೊಂದು ಮಹಡಿ ಏರಿಸಿದರೆ ಒಂದು ಕೈಗೆ ಬೀಳುವ ಹೊರೆ ಇನ್ನೂ ಹೆಚ್ಚುತ್ತದೆ, ಗಾಡಿ ಬೀಳುವುದು ಅಲ್ಲೇ. ಇದಕ್ಕೆ ಹಿಡಿಯ ಉದ್ದ ಏನೂ ಮಾಡದು, ಹಿಡಿಗಳ ನಡುವಿನ ಅಗಲ ಮಾತ್ರ ಸಹಾಯ ಮಾಡುತ್ತದೆ. ಮೂರು ಎತ್ತರ ಗರಿಷ್ಠ ಎಂದಿಟ್ಟುಕೊಳ್ಳಿ.

ಇನ್ನೊಂದು ಮಿತಿ ನೆಲದ್ದು. ಸರಕು ಮುಂದಕ್ಕೆ ಸರಿದಷ್ಟೂ ಕೈ ಬಿಟ್ಟ ಭಾರ ಚಕ್ರಕ್ಕೆ ಹೋಗುತ್ತದೆ, ಎಲ್ಲಿಗೂ ಮಾಯವಾಗುವುದಿಲ್ಲ. ಹಲಗೆ 9 ಸೆಂ.ಮೀ. ಸರಿಸಿದರೆ ಚಕ್ರದ ಮೇಲೆ 76 ಇದ್ದದ್ದು 82 ಆಗುತ್ತದೆ. ಗಟ್ಟಿ ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನೀರು ಹಾಯಿಸಿದ ಮಾರನೆಯ ದಿನದ ಮೆತ್ತನೆಯ ಮಣ್ಣಿನಲ್ಲಿ ಸಣ್ಣ ಟೈರ್ ಹೂತುಹೋಗುತ್ತದೆ. ಅಂಥ ದಿನ ಮುಂದೆ ಎರಡು, ಹಿಂದೆ ಎರಡು ಬಾಕ್ಸ್ ಸಾಕು. ಟೈರಿನಲ್ಲಿ ಗಾಳಿ ಕಡಿಮೆಯಿದ್ದು ಅಂಚು ಮಡಚಿಕೊಳ್ಳುತ್ತಿದ್ದರೆ ಮೊದಲು ಗಾಳಿ ತುಂಬಿಸಿ, ಎಷ್ಟು ಲೆಕ್ಕ ಹಾಕಿದರೂ ಚಪ್ಪಟೆ ಟೈರಿಗೆ ಉತ್ತರವಿಲ್ಲ.

ನಿಮ್ಮ ಗಾಡಿಯ ಅಂಕಿಗಳನ್ನು ತಿಳಿಯಲು ಕೊಕ್ಕೆ ಇರುವ 50 ಕೆಜಿಯ ಡಿಜಿಟಲ್ ತಕ್ಕಡಿ ಸಾಕು. ಎರಡೂ ಹಿಡಿಗಳ ಕೆಳಗೆ, ಸರಿಯಾಗಿ ಅಂಗೈ ಹಿಡಿಯುವ ಜಾಗದಲ್ಲಿ, ಒಂದು ಗಟ್ಟಿ ಕೋಲನ್ನು ಅಡ್ಡಲಾಗಿ ಕಟ್ಟಿ. ಕೋಲಿನ ನಡುವೆ ತಕ್ಕಡಿ ಸಿಕ್ಕಿಸಿ, ಗಾಡಿಯ ಕಾಲು ನೆಲದಿಂದ ನೀವು ನಡೆಯುವಾಗ ಏಳುವಷ್ಟೇ ಎತ್ತರಕ್ಕೆ ಎತ್ತಿ ಅಂಕಿ ಓದಿ. ಮೊದಲು ಬರಿ ಗಾಡಿ, ಆಮೇಲೆ ಮುಂದಿನ ಸಾಲಿನಲ್ಲಿ ಒಂದೇ ಬಾಕ್ಸ್, ಅದನ್ನು ತೆಗೆದು ಹಿಂದಿನ ಸಾಲಿನಲ್ಲಿ ಒಂದೇ ಬಾಕ್ಸ್. ಪ್ರತಿ ಸಲ ಎಷ್ಟು ಹೆಚ್ಚಿತು ಎಂದು ಬರೆದುಕೊಳ್ಳಿ. ಟೇಪ್‌ನಿಂದ ಅಳೆದ ದೂರದ ಲೆಕ್ಕಕ್ಕೂ ಇದಕ್ಕೂ ಅರ್ಧ ಕೆಜಿ ಆಚೀಚೆ ಸಹಜ. ಒಂದೂವರೆ ಎರಡು ಕೆಜಿ ವ್ಯತ್ಯಾಸ ಬಂದರೆ ಮೂರು ಜಾಗದಲ್ಲಿ ನೋಡಿ: ಟೇಪ್ ಅನ್ನು ಅಚ್ಚಿನ ಬದಲು ಟೈರಿನ ಅಂಚಿನಿಂದ ಹಿಡಿದಿರಬಹುದು, ಕೋಲು ಹಿಡಿಯ ತುದಿಯಿಂದ ಒಳಗೆ ಸರಿದಿರಬಹುದು, ಅಥವಾ ಗಾಡಿಯನ್ನು ಬೇರೆ ಬೇರೆ ಎತ್ತರಕ್ಕೆ ಎತ್ತಿ ಓದಿರಬಹುದು. ಈ ಅಳತೆಯನ್ನು ಮಗಳ ಕೈಯಲ್ಲೇ ಮಾಡಿಸಿ, ಲೆಕ್ಕ ಅವಳದ್ದಲ್ಲವೇ.

ಅಂಕಿಗಳು ಹೆಚ್ಚುಕಡಿಮೆ ನಾನು ಹಿಡಿದವೇ ಆಗಿದ್ದರೆ ಹೀಗೆ ಮಾಡಿ. ಪೈಪ್ ತೆಗೆದುಬಿಡಿ, ಹಿಡಿಯ ತುದಿಗೆ ಹೊಸ ರಬ್ಬರ್ ಹಾಕಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಹಲಗೆಯ ಬೋಲ್ಟ್ ತೂತುಗಳನ್ನು 9 ಸೆಂ.ಮೀ. ಮುಂದೆ ಕೊರೆಸಿ. ಗಾಡಿಯ ಕಾಲುಗಳನ್ನು ಮುಟ್ಟಬೇಡಿ, ಅವು ಹಿಂದಿನ ಸಾಲಿಗಿಂತ ಹಿಂದೆಯೇ ಇರಲಿ, ಇಲ್ಲದಿದ್ದರೆ ನಿಲ್ಲಿಸಿದಾಗ ಗಾಡಿ ಹಿಂದಕ್ಕೆ ಮಗುಚುತ್ತದೆ. ಸಮತಟ್ಟು ದಾರಿಗೆ ಮುಂದೆ ಮೂರು, ಹಿಂದೆ ಮೂರು, ಕೈಗೆ 38 ಕೆಜಿ. ಏರು ಇರುವ ಕಡೆ ಮುಂದೆ ಮೂರು, ಹಿಂದೆ ಎರಡು, ಸಮನೆಲದ ಲೆಕ್ಕದಲ್ಲಿ ಕೈಗೆ 31. ಈಗಿನ 44ಕ್ಕೆ ಹೋಲಿಸಿದರೆ ಒಂದು ಬಾಕ್ಸ್ ಬಿಟ್ಟದ್ದಕ್ಕೆ, ಹಲಗೆ ಸರಿಸಿದ್ದಕ್ಕೆ, ಎರಡೂ ಸೇರಿ 13 ಕೆಜಿ ಇಳಿದಿರುತ್ತದೆ. ಟೆಂಪೋ ನಿಂತಿರುವ ಜಾಗ ಇಳಿಜಾರಾಗಿದ್ದು ಚಕ್ರ ತಗ್ಗಿನ ಕಡೆಗಿದ್ದರೆ ಮುಂದಿನ ಸಾಲಿನ ಬಾಕ್ಸ್‌ಗಳನ್ನು ಮೊದಲು ಇಳಿಸಿ. ಹಿಂದಿನವನ್ನು ಮೊದಲು ತೆಗೆದರೆ ಉಳಿದ ಮೂರರ ತೂಕ ಅಚ್ಚಿಗೆ ಬಹಳ ಹತ್ತಿರ ನಿಂತಿರುತ್ತದೆ, ಯಾರಾದರೂ ಹಿಡಿಯನ್ನು ಸ್ವಲ್ಪ ಎತ್ತಿದರೂ ಗಾಡಿ ಮೂತಿ ಊರುತ್ತದೆ.